ಎಳೆಗೂಸಿನ ಮೊದಲ ವಾರ: ಮೈಬಿಸಿ, ಹಾಲು, ಕಾಮಾಲೆ

ನವಜಾತ ಶಿಶುವಿನ ಕಂಕುಳಿನ ತಾಪಮಾನ 36.5ರಿಂದ 37.5 ಡಿಗ್ರಿ ಸೆಲ್ಸಿಯಸ್‌ನೊಳಗೆ ಇರಬೇಕು. ಚಳಿಯಾದಾಗ ದೊಡ್ಡವರಂತೆ ನಡುಗಿ ಬೆಚ್ಚಗಾಗುವ ಶಕ್ತಿ ಶಿಶುವಿಗಿಲ್ಲ. ಅದು ಕತ್ತು ಮತ್ತು ಬೆನ್ನಿನ ಭಾಗದಲ್ಲಿ ಕೂಡಿಟ್ಟ ಕಂದು ಕೊಬ್ಬನ್ನು ಕರಗಿಸಿ ಶಾಖ ಪಡೆಯುತ್ತದೆ. ಇದಕ್ಕೆ ರಕ್ತದ ಸಕ್ಕರೆ ಮತ್ತು ಆಮ್ಲಜನಕ ಹೆಚ್ಚು ಖರ್ಚಾಗುವುದರಿಂದ ಮಗು ಸೋತು ಮಂಪರಾಗುತ್ತದೆ, ಹಾಲು ಚೀಪುವುದನ್ನು ಕಡಿಮೆ ಮಾಡುತ್ತದೆ.

ಹಾಲು ಕಡಿಮೆಯಾದರೆ ಕಾಮಾಲೆ ಏರುತ್ತದೆ. ಹಳೆಯ ಕೆಂಪು ರಕ್ತಕಣಗಳು ಒಡೆದಾಗ ಹುಟ್ಟುವ ಹಳದಿ ವಸ್ತು ಬಿಲಿರುಬಿನ್. ಯಕೃತ್ತು ಅದನ್ನು ಕರುಳಿಗೆ ಕಳಿಸುತ್ತದೆ, ಮಲದೊಂದಿಗೆ ಅದು ಹೊರಹೋಗಬೇಕು. ಹೊಟ್ಟೆಗೆ ಹಾಲು ಸಾಲದೆ ಕಪ್ಪು ಮಲ ಕರುಳಿನಲ್ಲೇ ನಿಂತರೆ ಬಿಲಿರುಬಿನ್ ಮತ್ತೆ ರಕ್ತಕ್ಕೆ ಸೇರುತ್ತದೆ. ಅದು ಹೆಚ್ಚಾದಂತೆ ಮಂಪರೂ ಹೆಚ್ಚುತ್ತದೆ, ಹಾಲು ಕುಡಿಯುವುದು ಇನ್ನಷ್ಟು ಕುಗ್ಗುತ್ತದೆ. ಹೀಗಾಗಿ ದಾದಿಯರು ಈ ಮೂರನ್ನೂ ಒಟ್ಟಿಗೇ ನೋಡುತ್ತಾರೆ.

36 ವಾರಕ್ಕೆ 2,500 ಗ್ರಾಂ ತೂಕದಲ್ಲಿ ಹುಟ್ಟಿದ ಒಂದು ಮಗುವನ್ನು ಉದಾಹರಣೆಯಾಗಿ ತೆಗೆದುಕೊಳ್ಳಬಹುದು. ಮೂರನೆಯ ದಿನ ಅದರ ಪಾದ ತಣ್ಣಗಿದೆ, ಹೊಟ್ಟೆ ಬೆಚ್ಚಗಿದೆ, ಕಂಕುಳಿನ ತಾಪಮಾನ 36.2 ಡಿಗ್ರಿ. ಇದು ಚಳಿಯ ಒತ್ತಡದ ಲಕ್ಷಣ. ತೂಕ 2,260 ಗ್ರಾಂ, ಅಂದರೆ ಶೇ. 9.6ರಷ್ಟು ಇಳಿದಿದೆ. ದಿನಕ್ಕೆ 8ರಿಂದ 12 ಸಲ ಹಾಲು ಕುಡಿಯಬೇಕಾದ ಮಗು ಐದೇ ಸಲ ಕುಡಿದಿದೆ, ಎರಡೇ ಸಲ ಮೂತ್ರ ಮಾಡಿದೆ, ಮಲ ಇನ್ನೂ ಕಪ್ಪಾಗಿದೆ. ಬೆಳಕಿನಲ್ಲಿ ಚರ್ಮವನ್ನು ಬೆರಳಿನಿಂದ ಒತ್ತಿ ಬಿಟ್ಟಾಗ ಹಳದಿ ಬಣ್ಣ ತೊಡೆಯವರೆಗೂ ಕಾಣುತ್ತದೆ.

ಇಲ್ಲಿ ಮೊದಲ ಕೆಲಸ, ಮಗುವಿಗೆ ಟೋಪಿ ಹಾಕಿ ತಾಯಿಯ ಎದೆಗೆ ಚರ್ಮಕ್ಕೆ ಚರ್ಮ ತಾಗುವಂತೆ ಮಲಗಿಸಿ, ಮೇಲೆ ಹೊದಿಸುವುದು. ಸ್ನಾನವನ್ನು ಮುಂದೂಡಬೇಕು. ರಕ್ತದ ಸಕ್ಕರೆಯನ್ನೂ ಪರೀಕ್ಷಿಸಬೇಕು. ಎರಡು-ಮೂರು ಗಂಟೆಗೊಮ್ಮೆ ಎಬ್ಬಿಸಿ ಎದೆಗೆ ಹಾಕಬೇಕು. ಚೀಪುವ ಬಲ ಸಾಲದಿದ್ದರೆ ಹಿಂಡಿದ ಎದೆಹಾಲನ್ನು ಒಳಲೆಯಲ್ಲಿ ನಿಧಾನವಾಗಿ ಕುಡಿಸಬೇಕು. ನೀರು, ಜೇನು ಕೊಡಬಾರದು.

ಕಾಮಾಲೆಯ ಪ್ರಮಾಣವನ್ನು ಕಣ್ಣಳತೆಯಿಂದ ತೀರ್ಮಾನಿಸಲಾಗದು. ಕಪ್ಪು ಮೈಬಣ್ಣದ ಮಗುವಿನಲ್ಲಿ ಹಳದಿ ಸುಲಭವಾಗಿ ಮರೆಯಾಗುತ್ತದೆ. ಆದ್ದರಿಂದ ಚರ್ಮದ ಮೇಲಿಡುವ ಮೀಟರಿನಿಂದ ಅಥವಾ ರಕ್ತಪರೀಕ್ಷೆಯಿಂದ ಬಿಲಿರುಬಿನ್ ಅಳೆಯುತ್ತಾರೆ. ಆ ಅಂಕಿಯನ್ನು ಮಗುವಿನ ವಯಸ್ಸು ಎಷ್ಟು ಗಂಟೆ, ಅದು ಎಷ್ಟು ವಾರಕ್ಕೆ ಹುಟ್ಟಿತು ಎಂಬುದರೊಂದಿಗೆ ಹೋಲಿಸಿ ವೈದ್ಯರು ಫೋಟೋಥೆರಪಿ ನಿರ್ಧರಿಸುತ್ತಾರೆ. ಅದರ ನೀಲಿ ಬೆಳಕು ಬಿಲಿರುಬಿನ್‌ನ ರೂಪ ಬದಲಿಸಿ, ದೇಹದಿಂದ ಸುಲಭವಾಗಿ ಹೊರಹೋಗುವಂತೆ ಮಾಡುತ್ತದೆ. ಚಿಕಿತ್ಸೆಯ ವೇಳೆ ಮಗುವಿನ ಕಣ್ಣು ಮುಚ್ಚಿರುತ್ತಾರೆ, ಮೈಬಿಸಿಯನ್ನು ಆಗಾಗ ನೋಡುತ್ತಾರೆ, ಹಾಲು ಮುಂದುವರಿಸುತ್ತಾರೆ. ಎಳೆಬಿಸಿಲು ಈ ಚಿಕಿತ್ಸೆಗೆ ಬದಲಿಯಲ್ಲ. ಬರಿಮೈಯಲ್ಲಿ ಬಿಸಿಲಿಗೆ ಹಿಡಿದ ಮಗು ತಣ್ಣಗಾಗಬಹುದು ಅಥವಾ ಅದರ ಚರ್ಮ ಸುಡಬಹುದು.

ಚೇತರಿಕೆ ಗುರುತಿಸುವುದು ಸುಲಭ: ಪಾದ ಬೆಚ್ಚಗಾಗುತ್ತದೆ, ಐದನೆಯ ದಿನದ ಹೊತ್ತಿಗೆ ಮಲ ಹಳದಿಗೆ ತಿರುಗುತ್ತದೆ, ದಿನಕ್ಕೆ ಆರು ಸಲವಾದರೂ ಮೂತ್ರ ಹೋಗುತ್ತದೆ, ತೂಕ ಏರತೊಡಗುತ್ತದೆ. ಹುಟ್ಟಿದ 24 ಗಂಟೆಯೊಳಗೆ ಹಳದಿ ಕಂಡರೆ, ಅಂಗೈ-ಅಂಗಾಲಿಗೆ ಅದು ಹರಡಿದರೆ, ಎಬ್ಬಿಸಿದರೂ ಹಾಲು ಕುಡಿಯದಿದ್ದರೆ, ಕೀರಲು ದನಿಯಲ್ಲಿ ಅತ್ತು ಬೆನ್ನು ಬಾಗಿಸಿದರೆ ತಡಮಾಡದೆ ಆಸ್ಪತ್ರೆಗೆ ಒಯ್ಯಬೇಕು. ಮಿತಿಮೀರಿದ ಬಿಲಿರುಬಿನ್ ಮಿದುಳಿಗೆ ಶಾಶ್ವತ ಹಾನಿ ಮಾಡಬಲ್ಲದು.