ಸೇವಾಸಂಸ್ಥೆಗೆ ನಾನು ಬರೆದ ಇಮೇಲ್

ರಜೆಯಲ್ಲಿ ಸ್ವಯಂಸೇವಕಿಯಾಗಲು 1984ರಲ್ಲಿ ಶುರುವಾದ, ಎಚ್.ಡಿ. ಕೋಟೆ ಕಡೆ ಕೆಲಸ ಮಾಡುತ್ತಿರುವ ಸ್ವಾಮಿ ವಿವೇಕಾನಂದ ಯೂತ್ ಮೂವ್‌ಮೆಂಟ್‌ಗೆ ಇಮೇಲ್ ಬರೆಯಲು ಕುಳಿತೆ. ‘ನನಗೆ ಸಮಾಜಸೇವೆ ಬಹಳ ಇಷ್ಟ’ ಎಂದು ಶುರುಮಾಡಿದೆ. ಆ ಸಾಲು ಯಾವ ಸಂಸ್ಥೆಗಾದರೂ ಹೊಂದುತ್ತದೆ, ಅಳಿಸಿದೆ.

ಆಮೇಲೆ ಬರೆದದ್ದು: ‘ನಮ್ಮ ನಾನಿಗೆ ಆಸ್ಪತ್ರೆಯ ಚೀಟಿ ಓದಿ ಉರ್ದುವಿನಲ್ಲಿ ಹೇಳುವವಳು ನಾನೇ. ನಿಮ್ಮ ಸರಗೂರು ಆಸ್ಪತ್ರೆಗೆ ಬರುವವರಿಗೂ ಇಂಥ ನೆರವು ಬೇಕಾಗಬಹುದು. ಕನ್ನಡ ಟೈಪಿಂಗ್, ಎಕ್ಸೆಲ್‌ನಲ್ಲಿ ವಿವರ ತುಂಬುವುದು ಬರುತ್ತದೆ. ಜೇನುಕುರುಬರ ಭಾಷೆ ಬಾರದು. ಏಪ್ರಿಲ್‌ನಲ್ಲಿ ಎರಡು ವಾರ ಬರಬಲ್ಲೆ.’

ಬಾರದ್ದನ್ನೂ ಹೇಳಿದರೆ ಯಾವ ಕೆಲಸಕ್ಕೆ ಹಾಕಬೇಕೆಂದು ಅವರಿಗೆ ತಿಳಿಯುತ್ತದೆ. ವಿಷಯದ ಸಾಲಿನಲ್ಲಿ ‘ಸ್ವಯಂಸೇವೆ: ದಾಖಲೆ ಟೈಪಿಂಗ್, ಏಪ್ರಿಲ್’ ಎಂದಿಟ್ಟೆ. ಇನ್ನೊಂದು ಮಾತು: ಹಳೆಯ ನುಡಿ ಫಾಂಟ್‌ನಲ್ಲಿ ಟೈಪಿಸಿದ್ದು ಆ ಫಾಂಟ್ ಇಲ್ಲದ ಕಂಪ್ಯೂಟರಿನಲ್ಲಿ ಅರ್ಥವಿಲ್ಲದ ಅಕ್ಷರವಾಗಿ ಕಾಣುತ್ತದೆ. ಹಾಗಾಗಿ ಯೂನಿಕೋಡ್‌ನಲ್ಲೇ ಟೈಪಿಸಿ, ಮೊದಲು ಗೆಳತಿಗೆ ಕಳಿಸಿ ನೋಡಿದೆ.