ಕೀ ಕೊಟ್ಟ ತಾರೀಖು, ಕೊಟ್ಟ ಗಂಟೆ

ಹಳೇ ಕಾರು, ಬೈಕು ಮಾರುವ ಕ್ರಮ ನಮ್ಮಲ್ಲಿ ತುಂಬ ಸಲೀಸು. ಗಿರಾಕಿ ಬರುತ್ತಾನೆ, ಒಂದು ಸುತ್ತು ಓಡಿಸಿ ನೋಡುತ್ತಾನೆ, ರೇಟು ಕುದುರುತ್ತದೆ. ಮಾರುವವರು ಫಾರಂ 29 ಮತ್ತು 30ರ ಖಾಲಿ ಹಾಳೆಗಳಿಗೆ ಸಹಿ ಹಾಕಿ, ಆರ್‌ಸಿ ಜೊತೆಗೆ ಕೀ ಕೊಟ್ಟು, ‘ಹೆಸರು ಬದಲಾವಣೆ ನೀವೇ ಮಾಡಿಸ್ಕೊಳ್ಳಿ’ ಎಂದು ಕಳಿಸಿಬಿಡುತ್ತಾರೆ. ಆ ಫಾರಂಗಳು ವರ್ಷಗಟ್ಟಲೆ ಡ್ಯಾಶ್‌ಬೋರ್ಡಿನಲ್ಲೇ ಮಲಗಿರುತ್ತವೆ. ಗಾಡಿ ಇನ್ನಿಬ್ಬರ ಕೈ ದಾಟಿದರೂ ಆರ್‌ಟಿಓ ದಾಖಲೆಯಲ್ಲಿ ಮೊದಲಿನವರ ಹೆಸರೇ ಉಳಿಯುತ್ತದೆ.

ಒಂದು ಕಾಲಕ್ಕೆ ಇದರಿಂದ ಅಂಥ ಅಪಾಯವಿರಲಿಲ್ಲ. 1930ರ ಸರಕು ಮಾರಾಟ ಕಾಯ್ದೆಯ ಪ್ರಕಾರ ಕಾರೂ ಒಂದು ಸರಕು. ಎರಡೂ ಕಡೆಯವರು ಒಪ್ಪಿ, ಬೆಲೆ ಕೊಟ್ಟು, ಗಾಡಿ ಒಪ್ಪಿಸಿಕೊಂಡರೆ ಒಡೆತನ ಬದಲಾಯಿತು. ಅದಕ್ಕೆ ಬರಹವೇ ಬೇಕೆಂದೂ ಇಲ್ಲ. 1939ರ ಮೋಟಾರು ವಾಹನ ಕಾಯ್ದೆಯು ಮಾರಾಟವನ್ನು ಕಚೇರಿಗೆ ತಿಳಿಸಬೇಕು ಎಂದಿತಾದರೂ, ಯಾರ ಹೆಸರಿಗೆ ನೋಂದಣಿ ಇದೆಯೋ ಅವರೇ ‘ಮಾಲೀಕ’ ಎಂದು ಹೇಳಿರಲಿಲ್ಲ. 1989ರ ಜುಲೈ 1ರಂದು ಜಾರಿಗೆ ಬಂದ ಈಗಿನ ಕಾಯ್ದೆ ಆ ಮಾತನ್ನು ಸೇರಿಸಿತು. ಅಂದಿನಿಂದ ಒಂದೇ ಗಾಡಿಗೆ ಎರಡು ಬಗೆಯ ಒಡೆತನ ಹುಟ್ಟಿತು: ದುಡ್ಡು ಕೊಟ್ಟವನದೊಂದು, ಆರ್‌ಟಿಓ ದಾಖಲೆಯದೊಂದು.

ಇವೆರಡರ ನಡುವೆ ಬಿದ್ದವರ ಕಥೆ 2018ರ ಫೆಬ್ರವರಿಯಲ್ಲಿ ಸುಪ್ರೀಂ ಕೋರ್ಟಿನಲ್ಲಿ ತೀರ್ಮಾನವಾಯಿತು. ಒಬ್ಬರು 2007ರಲ್ಲಿ ಕಾರು ಮಾರಿದ್ದರು. ಕೊಂಡವರು ಇನ್ನೊಬ್ಬರಿಗೆ, ಅವರು ಮತ್ತೊಬ್ಬರಿಗೆ ಕೊಟ್ಟರು. ಯಾರೂ ಹೆಸರು ಬದಲಿಸಲಿಲ್ಲ. 2009ರಲ್ಲಿ ಆ ಕಾರಿನ ಅಪಘಾತದಲ್ಲಿ ಸಾವು ಸಂಭವಿಸಿತು. ಪರಿಹಾರದ ಹೊಣೆ ಬಿದ್ದದ್ದು ದಾಖಲೆಯಲ್ಲಿ ಹೆಸರಿದ್ದ ಮೊದಲ ಮಾಲೀಕರ ಮೇಲೆ. ಕಾರು ಯಾರ ಯಾರ ಕೈ ದಾಟಿತು ಎಂದು ಹುಡುಕಿಕೊಂಡು ಹೋಗುವ ಗೋಳು ಗಾಯಗೊಂಡವರಿಗೆ ಇರಬಾರದು ಎಂಬುದು ನ್ಯಾಯಾಲಯದ ನಿಲುವು. ನ್ಯಾಯವಾದ ಮಾತೇ, ಆದರೆ ಮಾರಿ ಕೈತೊಳೆದುಕೊಂಡವರಿಗೆ ಕಹಿ.

ಡೀಲರುಗಳಿಗೆ ಸರ್ಕಾರ ಒಂದು ದಾರಿ ಮಾಡಿಕೊಟ್ಟಿತು. 2023ರ ಏಪ್ರಿಲ್‌ನಿಂದ, ಅಧಿಕೃತ ಡೀಲರಿಗೆ ಗಾಡಿ ಒಪ್ಪಿಸಿದವರು ಫಾರಂ 29-ಸಿಯಲ್ಲಿ ಅದನ್ನು ತಿಳಿಸುತ್ತಾರೆ. ಅಲ್ಲಿಂದ ಹೊಣೆ ಡೀಲರಿನದು. ಡೀಲರಿಲ್ಲದೆ ಒಬ್ಬರಿಂದ ಇನ್ನೊಬ್ಬರಿಗೆ ನೇರವಾಗಿ ನಡೆಯುವ ಮಾರಾಟಕ್ಕೆ ಇಂಥ ಫಾರಂ ಇಲ್ಲ. ಆ ಜಾಗವನ್ನು ತುಂಬುವುದು ನಾವೇ ಬರೆದುಕೊಳ್ಳುವ ಎರಡು ಕಾಗದ: ಮಾರಾಟದ ಕರಾರು ಮತ್ತು ಡೆಲಿವರಿ ರಸೀದಿ.

ಎರಡನ್ನೂ ಒಂದೇ ಹಾಳೆಯಲ್ಲಿ ಮುಗಿಸುವವರೇ ಹೆಚ್ಚು. ನನಗದು ಸರಿ ಕಾಣುವುದಿಲ್ಲ, ಏಕೆಂದರೆ ಒಪ್ಪಂದದ ದಿನ ಬೇರೆ, ಗಾಡಿ ಕೈಬಿಟ್ಟ ಗಳಿಗೆ ಬೇರೆ. ಒಂದು ಉದಾಹರಣೆ ಇಟ್ಟುಕೊಳ್ಳೋಣ. ದಾವಣಗೆರೆಯ ಒಬ್ಬರ 2016ರ ಕಾರು ಅದೇ ಊರಿನ ಇನ್ನೊಬ್ಬರಿಗೆ 3,40,000 ರೂಪಾಯಿಗೆ ಕುದುರಿದೆ. ಬ್ಯಾಂಕ್ ಸಾಲ 62,000 ಬಾಕಿ ಇದೆ.

ಕರಾರಿನಲ್ಲಿ ಇಬ್ಬರ ಹೆಸರು, ವಿಳಾಸ, ಗಾಡಿಯ ನಂಬರ್, ಚಾಸಿಸ್ ಮತ್ತು ಎಂಜಿನ್ ನಂಬರ್ ಬರುತ್ತವೆ. ಈ ನಂಬರುಗಳನ್ನು ಆರ್‌ಸಿ ನೋಡಿ ಇಳಿಸಿದರೆ ಸಾಲದು. ಬಾನೆಟ್ ಎತ್ತಿ, ಲೋಹದ ಮೇಲೆ ಕೊರೆದ ಅಂಕಿಗಳೊಡನೆ ತಾಳೆ ನೋಡಬೇಕು. ಅಂಕಿ ಉಜ್ಜಿದಂತೆ ಅಥವಾ ಸುತ್ತಲಿನ ಬಣ್ಣ ಹೊಸದಾದಂತೆ ಕಂಡರೆ ವ್ಯಾಪಾರ ಅಲ್ಲಿಗೇ ನಿಲ್ಲಲಿ. ಆಮೇಲೆ ಬೆಲೆ, ಕಂತುಗಳು, ಅಡ್ವಾನ್ಸ್ ಯಾವಾಗ ವಾಪಸ್, ಯಾವಾಗ ಇಲ್ಲ ಎಂಬ ಮಾತು. ಬಾಕಿ ಸಾಲವನ್ನು ಯಾರು ತೀರಿಸಬೇಕು, ಈವರೆಗಿನ ಟ್ರಾಫಿಕ್ ದಂಡ ಯಾರದು, ಹೆಸರು ಬದಲಾವಣೆಯ ಖರ್ಚು ಯಾರದು ಎಂಬುದೂ ಅಲ್ಲೇ ಇರಲಿ. ಗೊತ್ತಿರುವ ದೋಷವನ್ನೂ ಬರೆಯಬೇಕು: ‘ಎ.ಸಿ. ಕೆಲಸ ಮಾಡುವುದಿಲ್ಲ, 2021ರಲ್ಲಿ ಎಡಬಾಗಿಲು ಬದಲಾಗಿದೆ’ ಎಂದು. ಇದರಿಂದ ಮಾರುವವರಿಗೇ ಲಾಭ. ಮುಂದೆ ‘ಮುಚ್ಚಿಟ್ಟರು’ ಎನ್ನಲು ಬರುವುದಿಲ್ಲ.

ಇನ್ನು ಹಣ. ಕರಾರಿಗೆ ಸಹಿ ಬಿದ್ದ ದಿನ 10,000 ರೂಪಾಯಿ ಅಡ್ವಾನ್ಸ್ ಯುಪಿಐ ಮೂಲಕ ಹೋಗುತ್ತದೆ. ಸಾಲದ 62,000ವನ್ನು ಮಾರುವವರ ಕೈಗೆ ಕೊಡದೆ, ಬ್ಯಾಂಕಿನಿಂದ ಸಾಲ ಮುಗಿಸುವ ಪತ್ರ ತರಿಸಿ, ಅದರಲ್ಲಿರುವ ಸಾಲದ ಖಾತೆಗೇ ನೇರವಾಗಿ ಕಟ್ಟಬೇಕು. ಬ್ಯಾಂಕು ಎನ್‌ಓಸಿ ಮತ್ತು ಸಹಿ ಮಾಡಿದ ಫಾರಂ 35 ಕೊಡುವವರೆಗೂ ಉಳಿದ 2,68,000 ರೂಪಾಯಿ ಕದಲಬಾರದು. ಆ ಎರಡು ಕಾಗದ ಬಂದ ದಿನವೇ ಡೆಲಿವರಿಯ ದಿನ.

ಆ ದೊಡ್ಡ ಮೊತ್ತಕ್ಕೆ ಆರ್‌ಟಿಜಿಎಸ್ ಸೂಕ್ತ. ನಗದು ಬೇಡ, 2 ಲಕ್ಷ ಅಥವಾ ಅದಕ್ಕಿಂತ ಹೆಚ್ಚು ನಗದು ಪಡೆಯುವುದನ್ನು 2017ರಿಂದಲೇ ಆದಾಯ ತೆರಿಗೆ ಕಾನೂನು ತಡೆದಿದೆ, ದಂಡ ಬೀಳುವುದು ಪಡೆದವರಿಗೆ. ಖಾತೆಯ ಹೆಸರು ಆರ್‌ಸಿಯಲ್ಲಿರುವ ಹೆಸರೇ ಆಗಿರಬೇಕು. ‘ನಮ್ಮ ಭಾಮೈದನ ಖಾತೆಗೆ ಹಾಕಿ’ ಎಂದರೆ ಒಪ್ಪಬೇಡಿ. ಹಣ ಕಳಿಸುವ ಮುನ್ನ ಖಾತೆದಾರರ ಹೆಸರನ್ನು ತೋರಿಸುವ ಸೌಲಭ್ಯ ಈಗ ಬ್ಯಾಂಕುಗಳಲ್ಲಿದೆ, ಅದನ್ನೇ ಬಳಸಿ. ಮಾರುವವರಿಗೊಂದು ಎಚ್ಚರ: ಕೊಂಡವರು ತೋರಿಸುವ ಸ್ಕ್ರೀನ್‌ಶಾಟ್, ಫೋನಿಗೆ ಬಂದ ಮೆಸೇಜು, ಇವೆರಡನ್ನೂ ನಂಬುವಂತಿಲ್ಲ. ನಿಮ್ಮ ಬ್ಯಾಂಕ್ ಆ್ಯಪ್ ತೆರೆದು ಬ್ಯಾಲೆನ್ಸ್ ಏರಿದ್ದನ್ನು ಕಂಡಮೇಲೆ ಕೀ ಕೊಡಿ. ಹಣ ಪಡೆಯಲು ಯುಪಿಐ ಪಿನ್ ಒತ್ತಿ ಎನ್ನುವವನು ಕೊಳ್ಳಲು ಬಂದವನಲ್ಲ.

ಹಣ ಬಂದ ಮೇಲೆ ಬರೆಯುವುದು ಡೆಲಿವರಿ ರಸೀದಿ. ಚಿಕ್ಕ ಕಾಗದ, ಆದರೆ ಪ್ರತಿ ಸಾಲಿಗೂ ಕೆಲಸವಿದೆ:

‘ಮೇಲ್ಕಂಡ ಕಾರನ್ನು ಇಂದು, ___ ತಾರೀಖು ಸಂಜೆ 5 ಗಂಟೆ 40 ನಿಮಿಷಕ್ಕೆ, ಓಡೋಮೀಟರ್ 71,450 ಕಿ.ಮೀ. ಇರುವಾಗ, ಎರಡು ಕೀ, ಮೂಲ ಆರ್‌ಸಿ, ವಿಮೆ, ಎಮಿಷನ್ ಸರ್ಟಿಫಿಕೇಟ್, ಬ್ಯಾಂಕ್ ಎನ್‌ಓಸಿ, ಫಾರಂ 35 ಸಮೇತ ಪಡೆದಿದ್ದೇನೆ. ಬಾಕಿ 2,68,000 ರೂಪಾಯಿಯನ್ನು ಆರ್‌ಟಿಜಿಎಸ್ ಮೂಲಕ ಕೊಟ್ಟಿದ್ದೇನೆ, ಯುಟಿಆರ್ ನಂಬರ್ ___. ಈ ಹೊತ್ತಿನಿಂದ ಆಗುವ ಅಪಘಾತ, ದಂಡ, ಕೇಸು ಎಲ್ಲಕ್ಕೂ ನಾನೇ ಹೊಣೆ. ಮಾರಿದವರಿಗೆ ನಷ್ಟವಾದರೆ ಭರಿಸುತ್ತೇನೆ.’

ಇದಕ್ಕೆ ಇಬ್ಬರ ಸಹಿ, ಇಬ್ಬರು ಸಾಕ್ಷಿ, ಕೊಂಡವರ ಡ್ರೈವಿಂಗ್ ಲೈಸೆನ್ಸಿನ ಪ್ರತಿ. ಗಂಟೆ ಏಕೆಂದರೆ ಕ್ಯಾಮೆರಾ ಹಾಕುವ ದಂಡದಲ್ಲೂ ಗಂಟೆ ಇರುತ್ತದೆ. ಮಧ್ಯಾಹ್ನ 3ರ ಸಿಗ್ನಲ್ ಜಂಪ್ ಮಾರಿದವರದು, ರಾತ್ರಿ 8ರದು ಕೊಂಡವರದು.

ಈ ರಸೀದಿಗೊಂದು ಮಿತಿಯಿದೆ. ಗಾಯಗೊಂಡ ಮೂರನೆಯವರ ಎದುರು ಇದು ಗುರಾಣಿಯಾಗದು. ದಾಖಲೆಯಲ್ಲಿ ನಿಮ್ಮ ಹೆಸರಿದ್ದರೆ ಮೊದಲು ತೆರಬೇಕಾದವರು ನೀವೇ ಆಗಬಹುದು. ಆಮೇಲೆ ಆ ಹಣವನ್ನು ಕೊಂಡವರಿಂದ ವಸೂಲು ಮಾಡಲು ಈ ಕಾಗದ ಆಧಾರ. ನೋಟರಿ ಮುದ್ರೆ, ಸ್ಟಾಂಪ್ ಪೇಪರ್ ಪುರಾವೆಗೆ ಬಲ ಕೊಟ್ಟಾವು, ಆರ್‌ಟಿಓ ದಾಖಲೆಯನ್ನು ಬದಲಿಸಲಾರವು.

ಹಾಗಾಗಿ ಫಾರಂ 29ನ್ನು ಮಾರಿದವರೇ ತುಂಬಿ, ತಾವೇ ಸಲ್ಲಿಸಿ, ಸ್ವೀಕೃತಿಯನ್ನು ಡೆಲಿವರಿ ರಸೀದಿಯ ಜೊತೆ ಇಟ್ಟುಕೊಳ್ಳಬೇಕು. ರಾಜ್ಯದೊಳಗಿನ ಮಾರಾಟಕ್ಕೆ ಗಡುವು 14 ದಿನ. ಹೆಸರು ಬದಲಾವಣೆಗೆ ಅರ್ಜಿ ಹಾಕಲು ಕೊಂಡವರಿಗೆ 30 ದಿನ. ಖಾಲಿ ಫಾರಂಗೆ ಸಹಿ ಮಾಡಿ ಕೊಟ್ಟರೆ ಈ ಸರಪಳಿ ಪೂರಾ ಇನ್ನೊಬ್ಬರ ಸೋಮಾರಿತನಕ್ಕೆ ಬಿಟ್ಟಂತೆ.

ವಿಮೆಯನ್ನೂ ಮಾರಿದವರು ಆತುರದಲ್ಲಿ ರದ್ದು ಮಾಡಿಸಬಾರದು. ಚಾಲ್ತಿಯಲ್ಲಿದ್ದರೆ ಮೂರನೆಯವರಿಗೆ ಆಗುವ ಹಾನಿಯ ರಕ್ಷಣೆ ಕಾನೂನಿನಂತೆ ಗಾಡಿಯ ಜೊತೆಗೇ ಹೋಗುತ್ತದೆ. ಕೊಂಡವರ ಸ್ವಂತ ಗಾಡಿಯ ಡ್ಯಾಮೇಜಿಗೆ ಹಾಗಿಲ್ಲ, ಅವರು 14 ದಿನದೊಳಗೆ ಅರ್ಜಿ ಹಾಕಿ ಪಾಲಿಸಿಯನ್ನು ತಮ್ಮ ಹೆಸರಿಗೆ ಮಾಡಿಸಿಕೊಳ್ಳಬೇಕು. ನೋ ಕ್ಲೈಮ್ ಬೋನಸ್ ಮಾತ್ರ ಮಾರಿದವರದೇ. ಫಾಸ್ಟ್ಯಾಗ್ ಅನ್ನು ಅಂದೇ ಮುಚ್ಚಿಸಬೇಕು, ಇಲ್ಲವಾದರೆ ಹಳೆಯವರ ವಾಲೆಟ್ಟಿನಿಂದ ಹೊಸಬರು ಟೋಲ್ ಕಟ್ಟುತ್ತಾ ಹೋಗುತ್ತಾರೆ. ಒಂದು ತಿಂಗಳು ಬಿಟ್ಟು mParivahan ಆ್ಯಪಿನಲ್ಲಿ ಗಾಡಿಯ ನಂಬರ್ ಹಾಕಿ ನೋಡಿ. ಮಾಲೀಕರ ಹೆಸರಿನ ಅಕ್ಷರಗಳು ಇನ್ನೂ ನಿಮ್ಮವೇ ಆಗಿದ್ದರೆ, ಫಾರಂ 29ರ ಸ್ವೀಕೃತಿ ಹಿಡಿದು ಆರ್‌ಟಿಓಗೆ ಹೋಗುವ ಸಮಯ ಬಂದಿದೆ.