ಕೈ, ನಡಿಗೆ, ಬೆನ್ನು ನೋಡಿ ವಯಸ್ಸು ಹೇಳಬಹುದೇ?

ಹಿರಿಯರ ವಯಸ್ಸನ್ನು ನಾವು ಕೇಳಿ ತಿಳಿಯುವುದಕ್ಕಿಂತ ನೋಡಿ ನಿರ್ಧರಿಸುವುದೇ ಹೆಚ್ಚು. ಕೈ ಸುಕ್ಕುಗಟ್ಟಿ, ಬೆನ್ನು ಬಾಗಿ, ಹೆಜ್ಜೆ ನಿಧಾನವಾಗಿದ್ದರೆ ಎಪ್ಪತ್ತು ದಾಟಿರಬೇಕೆಂದು ಹೇಳಿಬಿಡುತ್ತೇವೆ. ಊಹೆ ತಪ್ಪಿದರೆ ನಗುವಿನಲ್ಲಿ ಮುಗಿಯುತ್ತದೆಂದು ಭಾವಿಸುವಂತಿಲ್ಲ. ಗುಣವಾಗಬಲ್ಲ ರೋಗವೊಂದು ‘ವಯಸ್ಸಾಯಿತಲ್ಲ’ ಎಂಬ ಮಾತಿನ ಮರೆಯಲ್ಲಿ ವರ್ಷಗಟ್ಟಲೆ ಉಳಿದುಹೋಗುವುದುಂಟು.

ಒಂದು ಉದಾಹರಣೆಯನ್ನು ಕಲ್ಪಿಸಿಕೊಳ್ಳೋಣ. ಹೊಲದ ಕೂಲಿ ಮಾಡಿ ಬಾಳಿದ ತಾಯಿಯೊಬ್ಬರು. ನೆರೆಹೊರೆಯವರ ಎಣಿಕೆಯಲ್ಲಿ ಅವರಿಗೆ ಎಪ್ಪತ್ತೈದು. ಜನ್ಮದಿನ ಅವರಿಗೆ ತಿಳಿಯದು. ಗುರುತಿನ ಚೀಟಿಯಲ್ಲಿ ಜನವರಿ 1 ಎಂದಿದೆ. (ನಮ್ಮಲ್ಲಿ ಎಷ್ಟೋ ಜನ ದಾಖಲೆಗಳ ಪ್ರಕಾರ ಜನವರಿ 1ರಂದೋ ಜೂನ್ 1ರಂದೋ ಹುಟ್ಟಿದವರು!) ಆದರೆ ಇಂದಿರಾ ಗಾಂಧಿಯವರ ಹತ್ಯೆಯ ಸುದ್ದಿ ಬಂದಾಗ ತಮ್ಮ ಚೊಚ್ಚಲ ಮಗು ತೊಟ್ಟಿಲಲ್ಲಿತ್ತೆಂಬುದು ಅವರಿಗೆ ಚೆನ್ನಾಗಿ ನೆನಪಿದೆ. ಅದು 1984. ಆಗ ಮದುವೆಯಾಗಿ ಎರಡು ವರ್ಷ. ಮೈನೆರೆದ ಮೂರು ವರ್ಷಕ್ಕೆ ಮದುವೆ. ಹದಿನಾಲ್ಕರ ಸುಮಾರಿಗೆ ಮೈನೆರೆದಿದ್ದರೆ 1984ರಲ್ಲಿ ಹತ್ತೊಂಬತ್ತು. ಅಂದರೆ ಹುಟ್ಟಿದ್ದು 1965ರ ಆಸುಪಾಸು. ಒಂದೆರಡು ವರ್ಷ ಹೆಚ್ಚುಕಡಿಮೆಯಾದೀತು, ಹದಿನೈದು ವರ್ಷವಲ್ಲ.

ಹಾಗಾದರೆ ನೋಡುವವರ ಕಣ್ಣಿಗೆ ಕಂಡದ್ದೇನು? ಮೊದಲು ಕೈ. ಹಸ್ತದ ಹಿಂಬದಿಯ ಚರ್ಮ ತೆಳು, ಅದರಡಿಯ ಕೊಬ್ಬೂ ಕಡಿಮೆ. ಬಿಸಿಲು ಅಲ್ಲಿಯ ನಾರುಗಳನ್ನು ಕೆಡಿಸಿ ಸುಕ್ಕು, ಕಪ್ಪು ಚುಕ್ಕೆಗಳನ್ನು ಮೂಡಿಸುತ್ತದೆ. ಸಾಬೂನು, ಸುಣ್ಣ, ಸಿಮೆಂಟು ಒರಟು ಮಾಡುತ್ತವೆ. ದುಡಿಮೆಯಿಂದ ನರಗಳು ಉಬ್ಬುತ್ತವೆ. ಅದೇ ವ್ಯಕ್ತಿಯ ತೋಳಿನ ಒಳಬದಿಯನ್ನು, ಬಿಸಿಲು ಕಾಣದ ಭಾಗವನ್ನು, ಪಕ್ಕದಲ್ಲಿಟ್ಟು ನೋಡಿರಿ. ಎರಡೂ ಒಂದೇ ದಿನ ಹುಟ್ಟಿದ ಚರ್ಮ. ಅವುಗಳ ನಡುವೆ ಕಾಣುವ ಅಂತರ ಬಹುಪಾಲು ಬಿಸಿಲಿನದು ಮತ್ತು ಕೆಲಸದ್ದು.

ನಡಿಗೆಯ ವಿಷಯ ಇನ್ನೂ ಗಂಭೀರ. ಈ ತಾಯಿ ನೆಲದಿಂದ ಏಳುವಾಗ ಕೈಯೂರುತ್ತಾರೆ, ಮೆಟ್ಟಿಲು ಹತ್ತಲಾರರು, ಬಾತುಕೋಳಿಯಂತೆ ಅತ್ತಿತ್ತ ವಾಲಿ ನಡೆಯುತ್ತಾರೆ, ತೊಡೆ ಮತ್ತು ಸೊಂಟದ ಮೂಳೆ ಒತ್ತಿದರೆ ನೋವು. ಈ ಲಕ್ಷಣಗಳು ಒಟ್ಟಿಗಿದ್ದರೆ ವೈದ್ಯರು ಮೂಳೆ ಮೆದುವಾಗುವ ರೋಗವನ್ನು ಶಂಕಿಸುತ್ತಾರೆ. ವಿಟಮಿನ್ ಡಿ ಸಾಲದೆ ಮೂಳೆಗೆ ಸುಣ್ಣದಂಶ ಸೇರದಿರುವುದೇ ಇದರ ಸಾಮಾನ್ಯ ಕಾರಣ. ಬಿಸಿಲಿನಲ್ಲಿ ದುಡಿದವರಿಗೂ ಇದು ಬರಬಹುದು: ಮೈತುಂಬ ಬಟ್ಟೆ, ಕ್ಯಾಲ್ಸಿಯಂ ಕಡಿಮೆಯಿರುವ ಆಹಾರ, ಕೆಲವು ಔಷಧಗಳು, ಮೂತ್ರಪಿಂಡದ ದೋಷ ಇವೆಲ್ಲ ಕಾರಣವಾಗುತ್ತವೆ. ರಕ್ತದಲ್ಲಿ ವಿಟಮಿನ್ ಡಿ, ಕ್ಯಾಲ್ಸಿಯಂ, ಫಾಸ್ಫರಸ್, ಆಲ್ಕಲೈನ್ ಫಾಸ್ಫಟೇಸ್ ಪರೀಕ್ಷೆ ಮಾಡಿಸಿದರೆ ಸುಳಿವು ಸಿಗುತ್ತದೆ. ಚಿಕಿತ್ಸೆಯಿಂದ ಕೆಲವು ವಾರಗಳಲ್ಲಿ ನೋವು ಇಳಿಯತೊಡಗುತ್ತದೆ; ಸ್ನಾಯುಬಲ ಮರಳಲು ತಿಂಗಳುಗಳು ಬೇಕು. ಒಂದು ಕೈ ಬೀಸದೆ, ಕಾಲೆಳೆದು ನಡೆಯುವವರ ಕಥೆ ಬೇರೆ. ಅಲ್ಲಿ ಪಾರ್ಕಿನ್ಸನ್ ರೋಗದ ವಿಚಾರಣೆ ಆಗಬೇಕು.

ಬಾಗಿದ ಬೆನ್ನನ್ನೂ ವಯಸ್ಸಿನ ಲೆಕ್ಕಕ್ಕೆ ಬರೆಯುತ್ತೇವೆ. ಟೊಳ್ಳಾದ ಬೆನ್ನುಮೂಳೆಯ ಬಿಲ್ಲೆಗಳು ಭಾರವೆತ್ತಿದಾಗ, ಕೆಲವೊಮ್ಮೆ ಕೆಮ್ಮಿದಾಗಲೂ, ಕುಸಿಯುತ್ತವೆ. ಬಹಳಷ್ಟು ಸಲ ಯಾರ ಗಮನಕ್ಕೂ ಬರುವುದಿಲ್ಲ. ಹಿಮ್ಮಡಿ, ಬೆನ್ನುಗಳನ್ನು ಗೋಡೆಗೆ ತಾಗಿಸಿ ನಿಂತಾಗ ತಲೆಯ ಹಿಂಭಾಗ ಗೋಡೆಗೆ ತಾಗದಿದ್ದರೆ, ಅಥವಾ ಯೌವನದ ಎತ್ತರಕ್ಕಿಂತ ನಾಲ್ಕು ಸೆಂಟಿಮೀಟರ್ ಕುಗ್ಗಿದ್ದರೆ, ಬೆನ್ನಿನ ಎಕ್ಸ್-ರೇ ಮಾಡಿಸುವುದು ಒಳಿತು. ಕುಸಿದ ಬಿಲ್ಲೆ ಮೊದಲಿನಂತಾಗದು. ಮುಂದಿನದು ಕುಸಿಯದಂತೆ ಔಷಧ ಕೊಡಬಹುದು. ಮೂವತ್ತರ ಹರೆಯದ ಯುವಕನೂ ಬೆನ್ನುಮೂಳೆಯ ಕೀಲುಗಳ ಉರಿಯೂತದಿಂದ ಬಾಗಬಲ್ಲನು. ಬೆಳಿಗ್ಗೆ ಅರ್ಧ ಗಂಟೆಗೂ ಮೀರಿ ಬೆನ್ನು ಬಿಗಿದಿದ್ದು ಓಡಾಡಿದ ಮೇಲೆ ಸಡಿಲಾಗುವುದು ಅದರ ಗುರುತು.

ಊಹೆ ಎದುರು ದಿಕ್ಕಿನಲ್ಲಿಯೂ ತಪ್ಪುತ್ತದೆ. ನೆಟ್ಟಗೆ ನಿಂತು ಚುರುಕಾಗಿ ನಡೆಯುವ 78 ವರ್ಷದವರನ್ನು 60 ಎಂದುಕೊಂಡರೆ ಔಷಧದ ಪ್ರಮಾಣವೇ ಕೆಡಬಹುದು. ತೂಕ 60 ಕಿಲೋ, ರಕ್ತದ ಕ್ರಿಯಾಟಿನಿನ್ 1.2 ಎಂದಿಟ್ಟುಕೊಳ್ಳೋಣ. ವೈದ್ಯರು ಬಳಸುವ ಒಂದು ಸೂತ್ರದಂತೆ ಮೂತ್ರಪಿಂಡಗಳ ಶೋಧನೆ 60 ವರ್ಷಕ್ಕೆ ನಿಮಿಷಕ್ಕೆ ಸುಮಾರು 56 ಮಿಲಿಲೀಟರ್, 78 ವರ್ಷಕ್ಕೆ 43. ಕೆಲವು ಔಷಧಗಳ ಪ್ರಮಾಣವನ್ನು 50ಕ್ಕಿಂತ ಕೆಳಗೆ ತಗ್ಗಿಸಬೇಕಾಗುತ್ತದೆ. ಆದ್ದರಿಂದ ಆಸ್ಪತ್ರೆಯ ಚೀಟಿಯಲ್ಲಿ ಅಂದಾಜಿನ ವಯಸ್ಸನ್ನು ಬರೆಸುವಾಗ ಅದು ಅಂದಾಜೆಂದೇ ವೈದ್ಯರಿಗೆ ಹೇಳಿರಿ. ಮನೆಯ ಹಿರಿಯರೊಡನೆ ಕುಳಿತು ಮದುವೆ, ಚೊಚ್ಚಲು, ಬರಗಾಲಗಳ ಲೆಕ್ಕ ಹಾಕಿ ಹುಟ್ಟಿದ ವರ್ಷವನ್ನು ಒಮ್ಮೆ ಬರೆದಿಟ್ಟುಕೊಳ್ಳಿರಿ.